ಅಳೆಯುವ ಮುಂಚೆ ಉತ್ತರ ಇತ್ತೇ?

(ಸುವರ್ಣ ಮಹೋತ್ಸವದ ಎರಡನೇ ದಿನ ಮಾಡಿದ ಭಾಷಣದ ಬರಹರೂಪ)



ನಿನ್ನೆ ಬೆಳಿಗ್ಗೆ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳ ಜೊತೆ ಕ್ವಾಂಟಂ ವಿಜ್ಞಾನದ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ಕೊನೆಯಲ್ಲಿ, ಎದ್ದು ಕೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕೊಡಿ ಎಂದಿದ್ದೆ. ಸಾಕಷ್ಟು ಚೀಟಿಗಳು ಬಂದವು. ರಾತ್ರಿ ಕೂತು ಓದಿದಾಗ ಹೆಚ್ಚಿನವು ಒಂದೇ ವಿಷಯವನ್ನು ಬೇರೆ ಬೇರೆ ದಿಕ್ಕಿನಿಂದ ಕೇಳುತ್ತಿದ್ದವು. ನಾವು ಒಂದು ವಸ್ತುವನ್ನು ಅಳೆದಾಗ ಒಂದು ಉತ್ತರ ಸಿಗುತ್ತದೆ. ಆ ಉತ್ತರ ಮೊದಲೇ ಅಲ್ಲಿತ್ತೇ, ಇಲ್ಲವೇ ಅಳೆದಾಗಲೇ ಹುಟ್ಟಿತೇ? ಇಂದು ನನಗೆ ಕೊಟ್ಟಿರುವ ಸಮಯದಲ್ಲಿ ಅಂಥ ನಾಲ್ಕು ಪ್ರಶ್ನೆಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ನಾನು ವಿಜ್ಞಾನಿಯಲ್ಲ. ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಈ ವಿಷಯವನ್ನು ಆಸಕ್ತಿಯಿಂದ ಓದಿಕೊಂಡು ಬಂದಿದ್ದೇನೆ. ಗಣಿತ ಬೇಡ, ಎಣಿಸಲು ಬಂದರೆ ಸಾಕು.

ನಿನ್ನೆ ಇಲ್ಲದವರಿಗಾಗಿ ಪ್ರಯೋಗವನ್ನು ಮೊದಲು ಹೇಳುತ್ತೇನೆ. ಇಗೋ, ಇವು ಮೂರು ಪೋಲರಾಯ್ಡ್ ಹಾಳೆಗಳು. ಕೆಲವು ತಂಪು ಕನ್ನಡಕಗಳಲ್ಲಿ, ಕ್ಯಾಲ್ಕುಲೇಟರಿನ ಪರದೆಯ ಮೇಲೆ ಇರುವುದು ಇದೇ ಬಗೆಯ ಹಾಳೆ. ನೋಡಲು ಬೂದು ಬಣ್ಣದ ಪ್ಲಾಸ್ಟಿಕ್. ಇದಕ್ಕೊಂದು ದಿಕ್ಕಿದೆ, ಅದನ್ನು ಅಂಚಿನಲ್ಲಿ ಗೆರೆ ಎಳೆದು ಗುರುತಿಸಿದ್ದೇನೆ. ಒಂದು ಹಾಳೆಯನ್ನು ಗೆರೆ ನೆಟ್ಟಗಿರುವಂತೆ ಕಿಟಕಿಗೆ ಹಿಡಿದರೆ ಬೆಳಕು ಸ್ವಲ್ಪ ಮಂಕಾಗಿ ಕಾಣುತ್ತದೆ. ಅದರ ಹಿಂದೆ ಎರಡನೆಯದನ್ನು ಗೆರೆ ಅಡ್ಡವಾಗುವಂತೆ ಹಿಡಿದರೆ ಪೂರ್ತಿ ಕತ್ತಲೆ. ನೆಟ್ಟಗಿನ ಹಾಳೆಯಿಂದ ಬಂದ ಬೆಳಕು ಅಡ್ಡ ಹಾಳೆಯನ್ನು ದಾಟುವುದಿಲ್ಲ. ಈಗ ಮೂರನೆಯ ಹಾಳೆಯನ್ನು ಓರೆಯಾಗಿ, 45 ಡಿಗ್ರಿಯಲ್ಲಿ, ಅವೆರಡರ ನಡುವೆ ತೂರಿಸುತ್ತೇನೆ. ಕತ್ತಲಿದ್ದ ಜಾಗದಲ್ಲಿ ಬೆಳಕು ಬರುತ್ತದೆ.

ಮೊದಲನೆಯ ಚೀಟಿ ಹತ್ತನೇ ತರಗತಿಯ ಹುಡುಗಿಯೊಬ್ಬಳದು. "ಸರ್, ಹಾಳೆ ಅಂದರೆ ಜರಡಿ ಇದ್ದಂತೆ ತಾನೇ? ಇನ್ನೊಂದು ಜರಡಿ ಹಾಕಿದರೆ ಹಿಟ್ಟು ಕಡಿಮೆಯಾಗಬೇಕು. ಜಾಸ್ತಿ ಹೇಗಾಯಿತು?"

ಇದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳುವುದು ಕಷ್ಟ. ರಾಗಿ ಹಿಟ್ಟು ಜರಡಿ ಹಿಡಿಯುವಾಗ, ಕಣ ಸಣ್ಣದೋ ದಪ್ಪವೋ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಜರಡಿ ಅದನ್ನು ಕಂಡುಹಿಡಿಯುತ್ತದೆ ಅಷ್ಟೆ, ಬದಲಿಸುವುದಿಲ್ಲ. ಎರಡು ಜರಡಿಗಳ ನಡುವೆ ಮೂರನೆಯದನ್ನು ಇಟ್ಟರೆ ಕೆಳಗೆ ಬೀಳುವ ಹಿಟ್ಟು ಅಷ್ಟೇ ಇರಬೇಕು, ಇಲ್ಲವೇ ಕಡಿಮೆಯಾಗಬೇಕು. ಇಲ್ಲಿ ಹೆಚ್ಚಾಗಿದೆ. ಆದ್ದರಿಂದ ಪೋಲರಾಯ್ಡ್ ಹಾಳೆ ಜರಡಿಯಲ್ಲ.

ಲೆಕ್ಕ ಹಾಕಿ ನೋಡೋಣ. ಹಾಳೆಗೂ ಬೆಳಕಿಗೂ ಇರುವ ನಿಯಮವನ್ನು 1809ರಲ್ಲಿ ಮಾಲಸ್ ಎಂಬ ಫ್ರೆಂಚ್ ಎಂಜಿನಿಯರ್ ಕಂಡುಹಿಡಿದ. ಒಂದು ಹಾಳೆ ದಾಟಿದ ಬೆಳಕು ಎರಡನೆಯದಕ್ಕೆ ಬರುತ್ತದೆ. ಎರಡರ ಗೆರೆಗಳೂ ಒಂದೇ ದಿಕ್ಕಿಗಿದ್ದರೆ ಬೆಳಕೆಲ್ಲ ದಾಟುತ್ತದೆ. ಗೆರೆಗಳ ನಡುವೆ 30 ಡಿಗ್ರಿ ಕೋನವಿದ್ದರೆ ಮುಕ್ಕಾಲು ಭಾಗ, 45 ಡಿಗ್ರಿಯಿದ್ದರೆ ಅರ್ಧ, 60 ಡಿಗ್ರಿಯಿದ್ದರೆ ಕಾಲು ಭಾಗ, 90 ಡಿಗ್ರಿಯಿದ್ದರೆ ಸೊನ್ನೆ. ಹತ್ತನೇ ತರಗತಿಯ ಮಕ್ಕಳು ತ್ರಿಕೋನಮಿತಿಯ ಕೋಷ್ಟಕದಲ್ಲಿ ಕೊಸೈನ್ ಬೆಲೆಗಳನ್ನು ನೋಡಿ ವರ್ಗ ಮಾಡಿದರೆ ಇವೇ ಸಂಖ್ಯೆಗಳು ಬರುತ್ತವೆ. ಉಳಿದವರು ಈ ಪಟ್ಟಿಯನ್ನು ನೆನಪಿಟ್ಟುಕೊಂಡರೆ ಸಾಕು, ಮುಂದೆ ಮತ್ತೆ ಬೇಕಾಗುತ್ತದೆ.

ಬೆಳಕನ್ನು ತೀರಾ ಕಡಿಮೆ ಮಾಡಿದರೆ ಅದು ಒಂದೊಂದೇ ಕಣವಾಗಿ ಬರುತ್ತದೆ. ಆ ಕಣಕ್ಕೆ ಫೋಟಾನ್ ಎಂದು ಹೆಸರು. ನೆಟ್ಟಗಿನ ಹಾಳೆಯಿಂದ 1000 ಫೋಟಾನ್ ಹೊರಬಂದವು ಎಂದುಕೊಳ್ಳಿ. ಅಡ್ಡ ಹಾಳೆ ಮಾತ್ರ ಇದ್ದರೆ ಒಂದೂ ದಾಟುವುದಿಲ್ಲ. ನಡುವೆ ಓರೆ ಹಾಳೆ ಇದ್ದರೆ ಸುಮಾರು 500 ಅದನ್ನು ದಾಟುತ್ತವೆ. ದಾಟಿದವುಗಳಿಗೆ ಅಡ್ಡ ಹಾಳೆ ಮತ್ತೆ 45 ಡಿಗ್ರಿ ದೂರದಲ್ಲಿದೆ. ಹಾಗಾಗಿ ಅವುಗಳಲ್ಲಿ ಅರ್ಧ, ಅಂದರೆ ಸುಮಾರು 250, ಹೊರಬರುತ್ತವೆ. ನಮ್ಮ ಹಾಳೆಗಳು ತಾವೇ ಸ್ವಲ್ಪ ಬೆಳಕನ್ನು ನುಂಗುವುದರಿಂದ ಇನ್ನೂ ಕಡಿಮೆ ಕಾಣಬಹುದು. ಆದರೆ ಸೊನ್ನೆ ಇದ್ದದ್ದು ಸೊನ್ನೆಯಾಗಿ ಉಳಿಯುವುದಿಲ್ಲ.

ಇಲ್ಲೊಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಬೆಳಕು ಬರೀ ಅಲೆ ಎಂದುಕೊಂಡರೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಓರೆ ಹಾಳೆ ಅಲೆಯ ಒಂದು ಪಾಲನ್ನು ಓರೆ ದಿಕ್ಕಿನಲ್ಲಿ ಬಿಡುತ್ತದೆ, ಅಡ್ಡ ಹಾಳೆ ಅದರಲ್ಲಿ ಒಂದು ಪಾಲನ್ನು ಬಿಡುತ್ತದೆ. ತೊಡಕು ಶುರುವಾಗುವುದು ಒಂದೊಂದೇ ಫೋಟಾನ್ ಎಣಿಸುವಾಗ. ಅರ್ಧ ಫೋಟಾನ್ ಎಂಬುದನ್ನು ಯಾವ ಉಪಕರಣವೂ ಹಿಡಿದಿಲ್ಲ. ಅರ್ಧ ಶಕ್ತಿ ಕಳೆದುಕೊಂಡು ದಾಟಿದ್ದರೆ ಬಣ್ಣವೇ ಬದಲಾಗಬೇಕಿತ್ತು, ಏಕೆಂದರೆ ಫೋಟಾನಿನ ಶಕ್ತಿಯೇ ಅದರ ಬಣ್ಣವನ್ನು ನಿರ್ಧರಿಸುತ್ತದೆ. ಹಸಿರು ಬೆಳಕು ಹಾಳೆ ದಾಟಿದರೂ ಹಸಿರಾಗಿಯೇ ಇರುತ್ತದೆ, ಮಂಕಾಗುತ್ತದೆ ಅಷ್ಟೆ. ಹಾಗಾದರೆ ಒಂದು ಫೋಟಾನ್ ಓರೆ ಹಾಳೆಗೆ ಬಂದಾಗ ಪೂರ್ತಿ ದಾಟಬೇಕು, ಇಲ್ಲವೇ ಪೂರ್ತಿ ನಿಲ್ಲಬೇಕು. ಯಾವುದು ದಾಟುತ್ತದೆ, ಯಾವುದು ನಿಲ್ಲುತ್ತದೆ?

ಎರಡನೆಯ ಚೀಟಿ ಇಲ್ಲಿಗೇ ಬರುತ್ತದೆ. "ಓರೆ ಹಾಳೆ ಫೋಟಾನನ್ನು ತಿರುಗಿಸಿಬಿಡುತ್ತದೆ ಎಂದರೆ ಆಯಿತಲ್ಲ ಸರ್? ಬಿಸಿ ನೀರಿಗೆ ತಣ್ಣಗಿನ ಥರ್ಮಾಮೀಟರ್ ಇಟ್ಟರೆ ನೀರೂ ಸ್ವಲ್ಪ ತಣ್ಣಗಾಗುತ್ತದಲ್ಲ, ಹಾಗೆ." ಇದನ್ನು ಬರೆದ ಹುಡುಗ ಪ್ರಯೋಗಾಲಯದಲ್ಲಿ ಕಣ್ಣು ಬಿಟ್ಟುಕೊಂಡು ಕೆಲಸ ಮಾಡಿದವನೇ ಇರಬೇಕು.

ಅವನ ಮಾತಿನಲ್ಲಿ ಅರ್ಧ ನಿಜವಿದೆ. ಓರೆ ಹಾಳೆ ದಾಟಿದ ಫೋಟಾನಿಗೆ ತಕ್ಷಣ ಇನ್ನೊಂದು ಓರೆ ಹಾಳೆ ಹಿಡಿದರೆ ಅದು ಖಂಡಿತ ದಾಟುತ್ತದೆ. ಒಂದೇ ಅಳತೆಯನ್ನು ಮತ್ತೆ ಮಾಡಿದರೆ ಅದೇ ಉತ್ತರ ಸಿಗುತ್ತದೆ. ಆದರೆ ಅದೇ ಫೋಟಾನಿಗೆ ಮತ್ತೆ ನೆಟ್ಟಗಿನ ಹಾಳೆ ಹಿಡಿದರೆ ದಾಟುವ ಸಂಭವ ಅರ್ಧಕ್ಕೆ ಇಳಿದಿರುತ್ತದೆ. ಸ್ವಲ್ಪ ಹೊತ್ತಿನ ಮುಂಚೆ ನೆಟ್ಟಗಿನ ಹಾಳೆಯಲ್ಲಿ ಪಾಸಾಗಿ ಬಂದದ್ದೇ ಅದು! ಓರೆ ಪ್ರಶ್ನೆಗೆ ಉತ್ತರ ಪಡೆದದ್ದರಿಂದ ನೆಟ್ಟಗಿನ ಪ್ರಶ್ನೆಗೆ ಇದ್ದ ಖಚಿತ ಉತ್ತರ ಅಳಿಸಿಹೋಯಿತು. ಇಷ್ಟು ನಿಜ.

ಆದರೆ ಥರ್ಮಾಮೀಟರಿನ ವಿಷಯದಲ್ಲಿ ನೀರಿಗೆ ಮೊದಲೇ ಒಂದು ಉಷ್ಣತೆ ಇತ್ತು, ನಾವು ಅದನ್ನು ಸ್ವಲ್ಪ ಕೆಡಿಸಿದೆವು. ಚಿಕ್ಕ ಥರ್ಮಾಮೀಟರ್ ಬಳಸಿದರೆ ಕಡಿಮೆ ಕೆಡುತ್ತದೆ. ಫೋಟಾನಿನಲ್ಲೂ ಹಾಗೆಯೇ ಓರೆ ಪ್ರಶ್ನೆಗೆ ಮೊದಲೇ ಒಂದು ಉತ್ತರ ಇತ್ತೇ? ಮೂರು ಹಾಳೆಗಳ ಪ್ರಯೋಗ ಇದನ್ನು ತೀರ್ಮಾನಿಸಲಾರದು. ಪ್ರತಿಯೊಂದು ಫೋಟಾನೂ ಜೇಬಿನಲ್ಲಿ ಗುಟ್ಟಿನ ಚೀಟಿ ಇಟ್ಟುಕೊಂಡು ಬರುತ್ತದೆ, ಹಾಳೆ ಅದನ್ನು ಓದಿ ಆಮೇಲೆ ಚೀಟಿಯನ್ನು ತಿದ್ದುತ್ತದೆ ಎಂದು ಯಾರಾದರೂ ವಾದಿಸಿದರೆ, ಈ ಮೂರು ಹಾಳೆಗಳನ್ನು ಹಿಡಿದುಕೊಂಡು ನಾನು ಅವರನ್ನು ಸೋಲಿಸಲಾರೆ.

ಇದನ್ನೇ ನಮ್ಮ ಊರಿನ ಹಿರಿಯರೊಬ್ಬರು ನಿನ್ನೆ ಸಂಜೆ ಚಹಾ ಅಂಗಡಿಯ ಮುಂದೆ ನನ್ನನ್ನು ನಿಲ್ಲಿಸಿ ಕೇಳಿದರು. ಇದು ಮೂರನೆಯ ಪ್ರಶ್ನೆ. "ಅಲ್ಲಪ್ಪಾ, ನಮ್ಮ ಹಸು ಗಬ್ಬ ಆಗಿದೆ. ಹೆಣ್ಣುಗರುವೋ ಹೋರಿಗರುವೋ ಈಯೋ ತನಕ ನಮಗೆ ಗೊತ್ತಾಗಲ್ಲ. ಹಂಗಂತ ಹೊಟ್ಟೇಲಿರೋದು ಎರಡೂ ಅಲ್ಲ ಅನ್ನೋಕ್ಕಾಯ್ತದಾ? ನಿನ್ನ ಫೋಟಾನೂ ಹಂಗೇ ಅಲ್ವಾ?" ಐನ್‌ಸ್ಟೈನ್ ಅವರ ಅಸಮಾಧಾನವೂ ಹೆಚ್ಚುಕಡಿಮೆ ಇದೇ ಆಗಿತ್ತು. ಉತ್ತರ ಅಲ್ಲಿಯೇ ಇರಬೇಕು, ನಮ್ಮ ಸಿದ್ಧಾಂತಕ್ಕೆ ಅದು ಕಾಣುತ್ತಿಲ್ಲ ಎಂದು ಅವರು 1935ರಲ್ಲಿ ಇಬ್ಬರು ಜೊತೆಗಾರರೊಂದಿಗೆ ವಾದಿಸಿದರು. ಇದನ್ನು ಪರೀಕ್ಷೆ ಮಾಡಿ ನೋಡಲು ದಾರಿಯಿದೆ ಎಂದು 1964ರಲ್ಲಿ ತೋರಿಸಿದವರು ಜಾನ್ ಬೆಲ್ ಎಂಬ ಭೌತವಿಜ್ಞಾನಿ. ಅವರ ವಾದದ ಒಂದು ಸುಲಭ ರೂಪವನ್ನು ನಮ್ಮ ಶಾಲೆಯ ಇಬ್ಬರು ಮಕ್ಕಳನ್ನು ಇಟ್ಟುಕೊಂಡು ಹೇಳುತ್ತೇನೆ.

ಒಬ್ಬಳನ್ನು ಗ್ರಂಥಾಲಯದಲ್ಲಿ, ಒಬ್ಬನನ್ನು ಬಿಸಿಯೂಟದ ಕೋಣೆಯಲ್ಲಿ ಕೂರಿಸಿ. ಫೋನಿಲ್ಲ, ಸನ್ನೆಯಿಲ್ಲ. ಪ್ರತಿ ಸುತ್ತಿನಲ್ಲಿ ಇಬ್ಬರಿಗೂ ಬೇರೆ ಬೇರೆ ಮೇಷ್ಟ್ರು ಒಂದೊಂದು ಪ್ರಶ್ನೆ ಕೇಳುತ್ತಾರೆ. ಇರುವುದು ಮೂರೇ ಪ್ರಶ್ನೆ: "ಸೊನ್ನೆ?", "ಮೂವತ್ತು?", "ಅರವತ್ತು?" ಉತ್ತರ "ಹೌದು" ಅಥವಾ "ಇಲ್ಲ". ಯಾರಿಗೆ ಯಾವ ಪ್ರಶ್ನೆ ಬರುತ್ತದೆ ಎಂದು ಮೊದಲೇ ತಿಳಿಯದು. ಒಂದು ಷರತ್ತು ಇದೆ. ಇಬ್ಬರಿಗೂ ಒಂದೇ ಪ್ರಶ್ನೆ ಬಂದರೆ ಇಬ್ಬರ ಉತ್ತರವೂ ಒಂದೇ ಆಗಿರಬೇಕು, ಒಮ್ಮೆಯೂ ತಪ್ಪಬಾರದು.

ಮಕ್ಕಳು ಏನು ಮಾಡುತ್ತಾರೆ? ಒಳಗೆ ಹೋಗುವ ಮುಂಚೆ ಮಾತಾಡಿಕೊಂಡು ಒಂದೇ ಥರದ ಎರಡು ಚೀಟಿ ಬರೆದುಕೊಳ್ಳುತ್ತಾರೆ. "ಸೊನ್ನೆಗೆ ಹೌದು, ಮೂವತ್ತಕ್ಕೆ ಹೌದು, ಅರವತ್ತಕ್ಕೆ ಇಲ್ಲ", ಹೀಗೆ. ಪ್ರತಿ ಸುತ್ತಿಗೂ ಹೊಸ ಚೀಟಿ. ಬೇರೆ ಉಪಾಯವಿಲ್ಲ. ಹೊಟ್ಟೆಯಲ್ಲಿರುವ ಕರುವಿನಂತೆ, ಉತ್ತರ ಮೊದಲೇ ಇದೆ.

ನೂರು ಸುತ್ತಿನ ಚೀಟಿಗಳನ್ನು ಮೇಜಿನ ಮೇಲೆ ಹರಡಿ. ನೂರರಲ್ಲಿ 25 ಚೀಟಿಗಳಲ್ಲಿ ಸೊನ್ನೆಯ ಉತ್ತರವೂ ಮೂವತ್ತರ ಉತ್ತರವೂ ಬೇರೆ ಬೇರೆ ಎಂದುಕೊಳ್ಳಿ. ಹಾಗೆಯೇ 25 ಚೀಟಿಗಳಲ್ಲಿ ಮೂವತ್ತರದ್ದೂ ಅರವತ್ತರದ್ದೂ ಬೇರೆ ಬೇರೆ. ಹಾಗಾದರೆ ಸೊನ್ನೆಯ ಉತ್ತರಕ್ಕೂ ಅರವತ್ತರ ಉತ್ತರಕ್ಕೂ ವ್ಯತ್ಯಾಸವಿರುವ ಚೀಟಿಗಳು ಹೆಚ್ಚೆಂದರೆ ಎಷ್ಟಿರಬಹುದು?

ಒಂದು ಚೀಟಿ ಕೈಗೆತ್ತಿಕೊಳ್ಳಿ. ಸೊನ್ನೆಗೆ "ಹೌದು", ಅರವತ್ತಕ್ಕೆ "ಇಲ್ಲ" ಎಂದಿದೆ. ನಡುವಿನ ಮೂವತ್ತಕ್ಕೆ ಏನಿದೆ? "ಹೌದು" ಇದ್ದರೆ ಮೂವತ್ತು ಮತ್ತು ಅರವತ್ತರ ನಡುವೆ ಉತ್ತರ ಬದಲಾಗಿದೆ. "ಇಲ್ಲ" ಇದ್ದರೆ ಸೊನ್ನೆ ಮತ್ತು ಮೂವತ್ತರ ನಡುವೆ ಬದಲಾಗಿದೆ. ಎರಡರಲ್ಲಿ ಒಂದು ಕಡೆ ಬದಲಾಗಲೇಬೇಕು. ಅಂದರೆ ಇಂಥ ಪ್ರತಿಯೊಂದು ಚೀಟಿಯೂ ಮೊದಲ 25ರಲ್ಲಿ ಇರಬೇಕು, ಇಲ್ಲವೇ ಎರಡನೆಯ 25ರಲ್ಲಿ ಇರಬೇಕು. ಒಟ್ಟು 50ಕ್ಕಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ. ಇಲ್ಲಿ ಭೌತವಿಜ್ಞಾನವೇನೂ ಇಲ್ಲ, ಬರೀ ಎಣಿಕೆ. ಚೀಟಿ ಬರೆದವರು ಎಷ್ಟೇ ಜಾಣರಾದರೂ ಈ 50ನ್ನು ಮೀರಲಾರರು.

ಈಗ ಮಕ್ಕಳ ಜಾಗದಲ್ಲಿ ಫೋಟಾನ್‌ಗಳು. ಒಂದೇ ಮೂಲದಿಂದ ಜೋಡಿಯಾಗಿ ಹುಟ್ಟುವ ಫೋಟಾನ್‌ಗಳನ್ನು ತಯಾರಿಸಬಹುದು. ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಕಳಿಸುತ್ತಾರೆ. ಎರಡೂ ಕಡೆ ಹಾಳೆಯಂಥ ಉಪಕರಣವಿದೆ. ಅದನ್ನು 0, 30 ಅಥವಾ 60 ಡಿಗ್ರಿಗೆ ತಿರುಗಿಸುವುದೇ ಪ್ರಶ್ನೆ. ದಾಟಿದರೆ "ಹೌದು", ನಿಂತರೆ "ಇಲ್ಲ". ಎರಡೂ ಕಡೆ ಒಂದೇ ಕೋನವಿದ್ದರೆ ಉತ್ತರ ಒಂದೇ ಇರುತ್ತದೆ, ನಮ್ಮ ಷರತ್ತಿನ ಹಾಗೆ. ಕೋನ ಬೇರೆಯಾದಾಗ ಎಷ್ಟು ಸಲ ಒಪ್ಪುತ್ತವೆ? ಮಾಲಸ್ ಪಟ್ಟಿಯೇ ಇಲ್ಲೂ ಬರುತ್ತದೆ. 30 ಡಿಗ್ರಿ ವ್ಯತ್ಯಾಸವಿದ್ದರೆ ನೂರಕ್ಕೆ 75 ಸಲ ಒಪ್ಪುತ್ತವೆ, 25 ಸಲ ಬೇರೆಯಾಗುತ್ತವೆ. 60 ಡಿಗ್ರಿ ವ್ಯತ್ಯಾಸವಿದ್ದರೆ 25 ಸಲ ಒಪ್ಪುತ್ತವೆ, 75 ಸಲ ಬೇರೆಯಾಗುತ್ತವೆ.

ಮೇಜಿನ ಮೇಲಿನ ಚೀಟಿಗಳಿಗೆ ಹೋಲಿಸಿ. ಸೊನ್ನೆಗೂ ಮೂವತ್ತಕ್ಕೂ 25. ಮೂವತ್ತಕ್ಕೂ ಅರವತ್ತಕ್ಕೂ 25. ಸೊನ್ನೆಗೂ ಅರವತ್ತಕ್ಕೂ ಹೆಚ್ಚೆಂದರೆ 50 ಇರಬೇಕಿತ್ತು, ಇರುವುದು 75. ಇಂಥ ಚೀಟಿಗಳನ್ನು ಬರೆಯಲು ಯಾರಿಂದಲೂ ಆಗದು. ಹಾಗಾಗಿ ಫೋಟಾನ್‌ಗಳ ಜೇಬಿನಲ್ಲಿ ಚೀಟಿ ಇರಲಿಲ್ಲ.

ಇದು ಕಾಗದದ ಮೇಲಿನ ವಾದವಾಗಿ ಉಳಿಯಲಿಲ್ಲ. ಅಮೆರಿಕದಲ್ಲಿ ಜಾನ್ ಕ್ಲೌಸರ್ ಮತ್ತು ಸ್ಟುವರ್ಟ್ ಫ್ರೀಡ್‌ಮನ್ 1972ರಲ್ಲಿ ಫೋಟಾನ್ ಜೋಡಿಗಳನ್ನು ಅಳೆದರು. ಆಗ ಬಂದ ಅನುಮಾನ ನ್ಯಾಯವಾದದ್ದೇ. ಎರಡೂ ಕಡೆಯ ಕೋನ ಮೊದಲೇ ನಿಶ್ಚಯವಾಗಿದ್ದರೆ, ಹೇಗೋ ಸುದ್ದಿ ಮುಟ್ಟಿರಬಹುದಲ್ಲ? ಅದಕ್ಕೆ ಫ್ರಾನ್ಸಿನ ಅಲೇನ್ ಆಸ್ಪೆ ಮತ್ತು ಸಂಗಡಿಗರು 1982ರಲ್ಲಿ ಫೋಟಾನ್ ದಾರಿಯಲ್ಲಿರುವಾಗಲೇ ಪ್ರಶ್ನೆ ಬದಲಾಗುವಂತೆ ಮಾಡಿದರು. ಇನ್ನೊಂದು ಅನುಮಾನ ಉಪಕರಣಗಳದ್ದು. ಬಹುಪಾಲು ಫೋಟಾನ್‌ಗಳು ಸಿಗದೇ ಹೋಗುತ್ತಿದ್ದವು. ಸಿಕ್ಕವು ಮಾತ್ರ ಹೀಗೆ ನಡೆದುಕೊಂಡಿದ್ದರೆ? 2015ರಲ್ಲಿ ಈ ಎರಡು ಅನುಮಾನಗಳನ್ನೂ ಒಟ್ಟಿಗೇ ಮುಚ್ಚಿದ ಪ್ರಯೋಗಗಳು ಬಂದವು. ಅವುಗಳಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ನಡೆದದ್ದರಲ್ಲಿ ಎರಡು ಉಪಕರಣಗಳು 1.3 ಕಿಲೋಮೀಟರ್ ದೂರದಲ್ಲಿದ್ದವು, ಅಳೆದದ್ದು ಫೋಟಾನ್ ಅಲ್ಲ, ವಜ್ರದೊಳಗಿನ ಎಲೆಕ್ಟ್ರಾನ್. ನಿಜವಾದ ಪ್ರಯೋಗಗಳಲ್ಲಿ ನಾನು ಹೇಳಿದ್ದಕ್ಕಿಂತ ಗಟ್ಟಿಯಾದ, ಸಣ್ಣಪುಟ್ಟ ದೋಷಗಳನ್ನು ತಡೆದುಕೊಳ್ಳುವ ಎಣಿಕೆಯನ್ನು ಬಳಸುತ್ತಾರೆ. ತಿರುಳು ಇದೇ. ಕ್ಲೌಸರ್, ಆಸ್ಪೆ ಮತ್ತು ಆಸ್ಟ್ರಿಯಾದ ಆಂಟನ್ ಝೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ತೀರ್ಪನ್ನು ಅಳತೆ ಮೀರಿ ಹೇಳಬಾರದು. ಬಿದ್ದುಹೋದದ್ದು ಒಂದು ಜೋಡಿ ನಂಬಿಕೆ: ಉತ್ತರಗಳು ಮೊದಲೇ ಬರೆದಿವೆ, ಮತ್ತು ಈ ಕಡೆ ಕೇಳಿದ ಪ್ರಶ್ನೆ ಆ ಕಡೆಯ ಉತ್ತರವನ್ನು ಮುಟ್ಟುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲಾಗದು. ದೂರದ ಪ್ರಭಾವವನ್ನು ಒಪ್ಪಿಕೊಂಡು ಮೊದಲನೆಯದನ್ನು ಉಳಿಸಿಕೊಳ್ಳುವ ಸಿದ್ಧಾಂತವೂ ಇದೆ, ಡೇವಿಡ್ ಬೋಮ್ 1952ರಲ್ಲಿ ಮಂಡಿಸಿದ್ದು. ಹೆಚ್ಚಿನ ಭೌತವಿಜ್ಞಾನಿಗಳು ಚೀಟಿಯನ್ನೇ ಬಿಟ್ಟುಕೊಡುತ್ತಾರೆ. ಯಾವ ದಾರಿ ಹಿಡಿದರೂ ಇದನ್ನು ಬಳಸಿ ಸುದ್ದಿ ಕಳಿಸಲು ಬರುವುದಿಲ್ಲ. ಒಂದು ಕಡೆಯ ಉತ್ತರಗಳನ್ನು ಮಾತ್ರ ನೋಡಿದರೆ ಯಾವಾಗಲೂ ಅರ್ಧ ಹೌದು, ಅರ್ಧ ಇಲ್ಲ. ಎರಡೂ ಕಡೆಯ ಪಟ್ಟಿಗಳನ್ನು ತಂದು ಪಕ್ಕಪಕ್ಕ ಇಟ್ಟಾಗಲೇ ಆ 75 ಕಾಣುವುದು.

ಕೊನೆಯದು ನಾಲ್ಕನೆಯ ಪ್ರಶ್ನೆ. ಇದು ಹಲವು ಚೀಟಿಗಳಲ್ಲಿತ್ತು. "ಹಾಗಾದರೆ ನಾವು ನೋಡುವುದರಿಂದಲೇ ಲೋಕ ಹುಟ್ಟುತ್ತದೆಯೇ? ಮನಸ್ಸಿನ ಶಕ್ತಿ ಇದೇನಾ?" ಹೀಗೆ ಕೇಳಲು ಕಾರಣವಿದೆ. ಕ್ವಾಂಟಂ ಶಕ್ತಿ ಎಂದು ಹೇಳಿ ಲಾಕೆಟ್ಟು, ಬಳೆ, ನೀರಿನ ಬಾಟಲಿ ಮಾರುವವರು ಹಳ್ಳಿಗಳವರೆಗೂ ಬರುತ್ತಿದ್ದಾರೆ. ಮಂಡಿನೋವಿಗೂ ಸಕ್ಕರೆ ಕಾಯಿಲೆಗೂ ಒಂದೇ ಲಾಕೆಟ್ಟು. ಅದನ್ನು ನಂಬಿ ಮಾತ್ರೆ ಬಿಟ್ಟರೆ ಅಪಾಯ ನಮ್ಮ ಮನೆಯವರಿಗೇ.

ಅಳತೆಗೆ ಮನುಷ್ಯನ ಕಣ್ಣು ಬೇಕಿಲ್ಲ. ಆ ಪ್ರಯೋಗಗಳಲ್ಲಿ ಹೌದು, ಇಲ್ಲಗಳನ್ನು ಬರೆದುಕೊಳ್ಳುವುದು ಯಂತ್ರ. ಎಲ್ಲರೂ ಮನೆಗೆ ಹೋಗಿ ಮಲಗಿದ್ದರೂ ಎಣಿಕೆ ನಡೆಯುತ್ತದೆ, ಬೆಳಿಗ್ಗೆ ನೋಡಿದರೂ ಆ 75 ಅಷ್ಟೇ ಇರುತ್ತದೆ. ಅಳತೆ ಎಂದರೆ ಉತ್ತರವು ಅಸಂಖ್ಯ ಪರಮಾಣುಗಳಲ್ಲಿ ಅಳಿಸಲಾಗದ ಗುರುತು ಬಿಡುವುದು. ಫೋಟಾನನ್ನು ನುಂಗಿದ ಹಾಳೆ ಕೂದಲೆಳೆಯಷ್ಟು ಬಿಸಿಯಾಗುತ್ತದೆ. ಯಾರೂ ನೋಡದಿದ್ದರೂ ಅದು ಗುರುತೇ. ಅಂಥ ಗುರುತು ಬಿದ್ದಾಗ ಹಲವು ಸಾಧ್ಯತೆಗಳಲ್ಲಿ ಇದೇ ಒಂದು ಏಕೆ ಬಂತು ಎಂಬುದರ ಬಗ್ಗೆ ಭೌತವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ಯಾರ ಇಷ್ಟದಂತೆಯೂ ಅದು ಬರುವುದಿಲ್ಲ ಎಂಬುದು ಎಣಿಕೆಯಲ್ಲೇ ಇದೆ. ಇಷ್ಟಪಟ್ಟು "ಹೌದು"ಗಳನ್ನು ಹೆಚ್ಚಿಸಲು ಬರುವಂತಿದ್ದರೆ ಅರ್ಧ ಅರ್ಧ ಎಂಬ ಲೆಕ್ಕ ನಿಲ್ಲುತ್ತಿರಲಿಲ್ಲ. ಲಾಕೆಟ್ಟಿನವರು ಬಂದರೆ, ಇದು ಯಾವುದನ್ನು ಅಳೆಯುತ್ತದೆ, ಅಂಕಿ ಎಷ್ಟು ಬದಲಾಗುತ್ತದೆ, ನಮ್ಮೆದುರಿಗೇ ಎಣಿಸಿ ತೋರಿಸಿ ಎಂದು ಕೇಳಿ.

ಹಸುವಿನ ಯಜಮಾನರಿಗೂ ಉತ್ತರ ಕೊಡಬೇಕು. ಅವರ ಮಾತು ಕರುವಿನ ಮಟ್ಟಿಗೆ ಪೂರ್ತಿ ಸರಿ. ಹೆಣ್ಣೋ ಗಂಡೋ ಎಂಬುದು ಆ ಕರುವಿನ ಜೀವಕೋಶಗಳಲ್ಲಿ ಮೊದಲ ದಿನದಿಂದಲೇ ಬರೆದಿರುತ್ತದೆ, ಕೋಶ ಹೆಚ್ಚಿದಂತೆ ಬರಹವೂ ಹೆಚ್ಚುತ್ತದೆ. ಅಲ್ಲಿ ಚೀಟಿ ಇದೆ, ನಾವು ಓದಿಲ್ಲ ಅಷ್ಟೆ. ಒಂಟಿಯಾಗಿ ಹಾರುತ್ತಿರುವ ಫೋಟಾನಿಗೆ ಅಂಥ ಬರಹವಿಲ್ಲ. ನಮ್ಮ ಅನುಭವವೆಲ್ಲ ಹಸು, ಕರು, ಜರಡಿ, ಹಿಟ್ಟು ಇಂಥ ದೊಡ್ಡ ವಸ್ತುಗಳಿಂದ ಬಂದದ್ದು. ಅವು ಗಾಳಿಗೂ ಬೆಳಕಿಗೂ ಪ್ರತಿ ಕ್ಷಣ ಗುರುತು ಬಿಡುತ್ತಲೇ ಇರುತ್ತವೆ. ಹಾಗಾಗಿ "ಉತ್ತರ ಮೊದಲೇ ಇರುತ್ತದೆ" ಎಂಬ ನಮ್ಮ ಅಂದಾಜು ಅಲ್ಲಿ ಎಂದೂ ಸೋಲುವುದಿಲ್ಲ. ಫೋಟಾನಿನ ಹತ್ತಿರ ಅದು ಸೋಲುತ್ತದೆ.

ಈ ಮೂರು ಹಾಳೆಗಳನ್ನು ವಿಜ್ಞಾನ ಪ್ರಯೋಗಾಲಯಕ್ಕೆ ಕೊಟ್ಟು ಹೋಗುತ್ತೇನೆ. ಅಂಚು ಹಿಡಿದು ಎತ್ತಿ, ಬಿಸಿಲಿನಲ್ಲಿ ಇಡಬೇಡಿ, ಗೀರು ಬೀಳದಂತೆ ನಡುವೆ ಕಾಗದ ಹಾಕಿ. ಹತ್ತನೇ ತರಗತಿಯವರಿಗೆ ಒಂದು ಕೆಲಸ. ನೂರು ಚೀಟಿ ಕತ್ತರಿಸಿ, ಸೊನ್ನೆ, ಮೂವತ್ತು, ಅರವತ್ತಕ್ಕೆ ಉತ್ತರ ಬರೆದು, ಅಕ್ಕಪಕ್ಕದ ವ್ಯತ್ಯಾಸಗಳು 25, 25 ಇರುವಂತೆ ಇಟ್ಟುಕೊಂಡು, ಸೊನ್ನೆ ಮತ್ತು ಅರವತ್ತರ ವ್ಯತ್ಯಾಸವನ್ನು 51ಕ್ಕೆ ತರಲು ಪ್ರಯತ್ನಿಸಿ. ಒಂದು ವಾರ ಹೆಣಗಾಡಿ. ಏಕೆ ಆಗುತ್ತಿಲ್ಲ ಎಂದು ನಿಮಗೆ ನೀವೇ ಹೇಳಿಕೊಳ್ಳಲು ಬಂದ ದಿನ ಬೆಲ್ ಅವರ ವಾದ ನಿಮ್ಮದಾಗುತ್ತದೆ.